ವಯಸ್ಸು ಬಿಡ್ರಿ, ಫರ್ನೇಸ್ ಕೇಳ್ರಿ

ನಮ್ಮ ಮಾಮಾನ ಬಯೋಡೇಟಾ ಓದಿದವರಿಗೆ ಕೊಪ್ಪಳ ಜಿಲ್ಲೆಯ ಇತಿಹಾಸ ಬೇರೆ ಓದುವ ಗರಜಿಲ್ಲ. ಕಾಯಂ ವಿಳಾಸದಲ್ಲಿ ‘ತಾ: ಯಲಬುರ್ಗಾ, ಜಿ: ರಾಯಚೂರು’ ಎಂದಿದೆ. ಕೊಪ್ಪಳ ಜಿಲ್ಲೆಯಾಗಿದ್ದು 1997ರಲ್ಲಿ. ಆಮೇಲೆ ಮಾಮಾನ ಊರು ಯಲಬುರ್ಗಾವನ್ನೂ ಬಿಟ್ಟು ಕುಕನೂರು ತಾಲ್ಲೂಕಿಗೆ ಸೇರಿತು. ಬಯೋಡೇಟಾ ಮಾತ್ರ ಇನ್ನೂ ರಾಯಚೂರಿನಲ್ಲೇ ಠಿಕಾಣಿ ಹೂಡಿದೆ. ಫೋನ್ ನಂಬರಿನ ಮುಂದೆ ‘ಪಿ.ಪಿ.’ ಅಂತ ಬೇರೆ. ಅದು ಕೊಪ್ಪಳದಲ್ಲಿ ಬಾಡಿಗೆಗಿದ್ದಾಗ ಪಕ್ಕದ ಮನೆಯವರ ಫೋನು. ಅವರು ಕುಷ್ಟಗಿಯಲ್ಲಿ ಮನೆ ಕಟ್ಟಿಕೊಂಡು ಹೋಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ.

ಮಾಮಾನಿಗೆ ಐವತ್ಮೂರು. ಗಿಣಿಗೇರಿ ಕಡೆಯ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಮೆಂಟೆನನ್ಸ್ ವಿಭಾಗದ ದೊಡ್ಡ ಸಾಹೇಬರು. ಈಗ ಬೇರೆ ಕಡೆ ನೋಡೋಣ ಅಂತ ಮನಸ್ಸು ಮಾಡಿದ್ದಾರೆ. ಆದರೆ ಎಲ್ಲಿ ಅರ್ಜಿ ಹಾಕಿದರೂ ಮಾತೇ ಇಲ್ಲ, ಕತೆಯೇ ಇಲ್ಲ. ನಾಲ್ಕು ಹಾಳೆಯ ಆ ಗ್ರಂಥವನ್ನು ಗಂಗಾವತಿ ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ನನ್ನ ಮುಂದೆ ಹರವಿದರು.

“ನೋಡಲೇ ಅಳಿಯಾ, ಇದರಾಗ ಏನ್ ಕಮ್ಮಿ ಐತಿ?”

ಕಮ್ಮಿ ಏನಿಲ್ಲ, ಎಲ್ಲ ಹೆಚ್ಚೇ. ಮೊದಲ ಸಾಲು ‘ಓವರ್ ಥರ್ಟಿ ಒನ್ ಇಯರ್ಸ್ ಆಫ್ ರಿಚ್ ಅಂಡ್ ವೇರೀಡ್ ಎಕ್ಸ್‌ಪೀರಿಯನ್ಸ್’. ಅರ್ಜಿ ನೋಡುವ ಹುಡುಗನಿಗೆ ಇಪ್ಪತ್ತೆಂಟು ವರ್ಷ. ತಾನು ಹುಟ್ಟುವುದಕ್ಕೆ ಮೊದಲೇ ಕೆಲಸಕ್ಕೆ ಸೇರಿದವರು ಎಂದು ಮೊದಲ ಸಾಲಿನಲ್ಲೇ ಗೊತ್ತಾದರೆ ಅವನು ಎರಡನೇ ಸಾಲಿಗೆ ಯಾಕೆ ಇಳಿದಾನು? ಕಂಪ್ಯೂಟರ್ ಜ್ಞಾನದ ಕಾಲಮ್ಮಿನಲ್ಲಿ ವರ್ಡ್‌ಸ್ಟಾರ್, ಲೋಟಸ್ 1-2-3, ಫಾಕ್ಸ್‌ಪ್ರೋ. ಕೆಳಗೆ ತಂದೆಯ ಹೆಸರು, ವಿವಾಹಿತ, ಎರಡು ಮಕ್ಕಳು, ‘ಮೇಲ್ಕಂಡ ಮಾಹಿತಿ ಸತ್ಯವೆಂದು ಪ್ರಮಾಣೀಕರಿಸುತ್ತೇನೆ’, ಸ್ಥಳ, ದಿನಾಂಕ, ಸಹಿ. ಮೂಲೆಯಲ್ಲಿ ಅಂಟಿಸಿದ ಫೋಟೊದಲ್ಲಿ ತಲೆ ತುಂಬ ಕೂದಲು. “ಇವರು ಯಾರ್ರಿ ಮಾಮಾ?” ಅಂತ ಕೇಳಿ ಬೈಸಿಕೊಂಡೆ.

ಇಷ್ಟನ್ನು ತೆಗೆಸಲು ಕಷ್ಟವಾಗಲಿಲ್ಲ. ರೆಡಿಫ್‌ಮೇಲ್ ವಿಳಾಸ ಬದಲಿಸಲು ಮಾತ್ರ ಒಂದು ಚಹಾ ಖರ್ಚಾಯಿತು. ನಿಜವಾದ ತಂಟೆ ಬಂದದ್ದು ವಿದ್ಯಾಭ್ಯಾಸಕ್ಕೆ. ಪಾಸಾದ ಇಸವಿ 1994 ಅಳಿಸಿದೆವು. ‘ಬಿ.ಇ., ಗುಲ್ಬರ್ಗಾ ವಿಶ್ವವಿದ್ಯಾಲಯ’ ಅಷ್ಟೇ ಉಳಿಯಿತು. ಆದರೆ ಎಂಜಿನಿಯರಿಂಗ್ ಕಾಲೇಜುಗಳನ್ನೆಲ್ಲ ಬೆಳಗಾವಿಯ ವಿಟಿಯು ಕೈಗೆ ಕೊಟ್ಟದ್ದು 1998ರಲ್ಲಿ. ಗುಲ್ಬರ್ಗಾದ ಬಿ.ಇ. ಅಂದ ಕೂಡಲೇ ಅದಕ್ಕಿಂತ ಹಿಂದಿನವರು ಎಂದು ಗೊತ್ತಿದ್ದವರಿಗೆ ಗೊತ್ತಾಗಿಬಿಡುತ್ತದೆ. ಹಾಗಂತ ಅದನ್ನು ವಿಟಿಯು ಅಂತ ಬರೆದರೆ ಸುಳ್ಳು, ಸರ್ಟಿಫಿಕೇಟ್ ತೋರಿಸುವ ದಿನ ಮಾನ ಹೋಗುತ್ತದೆ. ಇರಲಿ ಬಿಡಿ ಎಂದೆ. ಇಸವಿ ತೆಗೆದದ್ದು ಮುಚ್ಚಿಡಲಿಕ್ಕಲ್ಲ, ಮೊದಲು ಕಣ್ಣಿಗೆ ಬೀಳುವುದು ಅದಾಗಬಾರದು ಅಂತ. ಅರ್ಜಿಯ ಫಾರ್ಮಿನಲ್ಲೇ ಇಸವಿ ಕೇಳಿದರೆ ಇದ್ದದ್ದನ್ನೇ ತುಂಬುವುದು.

ಅಷ್ಟರಲ್ಲಿ ಅಂಗಡಿಯ ಹುಡುಗ ಎಲ್ಲೋ ಕೇಳಿದ್ದನ್ನು ಹೇಳಿದ: “ಸರ್, ಕಡೇ ಹದಿನೈದು ವರ್ಷದ್ದು ಇಟ್ಟು ಮಿಕ್ಕಿದ್ದು ಡಿಲೀಟ್ ಮಾಡ್ರಿ.” ಮಾಮಾ ಉಗುಳು ನುಂಗಿದರು. ನನಗೂ ಸರಿ ಕಾಣಲಿಲ್ಲ.

ಯಾಕಂದರೆ ಮಾಮಾನ ಆಸ್ತಿ ಅಂದರೆ ರೀಲೈನಿಂಗ್. ಬ್ಲಾಸ್ಟ್ ಫರ್ನೇಸಿನ ಒಳಗೋಡೆಗೆ ಬೆಂಕಿ ತಡೆಯುವ ಇಟ್ಟಿಗೆ, ತಳಕ್ಕೆ ಕಾರ್ಬನ್ ಬ್ಲಾಕು ಕೂರಿಸಿರುತ್ತಾರೆ. ಕರಗಿದ ಕಬ್ಬಿಣ ಅದನ್ನು ವರ್ಷಾನುಗಟ್ಟಲೆ ತಿನ್ನುತ್ತಾ ಬರುತ್ತದೆ. ಕೊನೆಗೊಮ್ಮೆ ಫರ್ನೇಸ್ ಆರಿಸಿ, ಒಳಗಿದ್ದದ್ದನ್ನೆಲ್ಲ ಬಗೆದು ಹೊಸದಾಗಿ ಕಟ್ಟಬೇಕು. ನಿಂತ ಒಂದೊಂದು ದಿನವೂ ಮಾಲೀಕನಿಗೆ ನಷ್ಟ. ಬೇಗ ಆರಿಸಿದರೆ ಇನ್ನೂ ಬಾಳುತ್ತಿದ್ದ ಇಟ್ಟಿಗೆ ದಂಡ. ತಡ ಮಾಡಿದರೆ ಬೆಂಕಿಯಂಥ ಕಬ್ಬಿಣ ತಳ ಒಡೆದು ಹೊರಬರುತ್ತದೆ, ಜೀವಕ್ಕೇ ಸಂಚಕಾರ. ತಳದ ಥರ್ಮೋಕಪಲ್ ತೋರಿಸುವ ಉಷ್ಣತೆ ಮೆಲ್ಲಗೆ ಏರುವುದು, ತಂಪಿಗೆ ಬಿಟ್ಟ ನೀರು ಒಳಹೋಗುವಾಗಿನದಕ್ಕಿಂತ ಹೊರಬರುವಾಗ ದಿನದಿನಕ್ಕೂ ಹೆಚ್ಚು ಬಿಸಿಯಾಗಿರುವುದು, ಇಂಥವನ್ನು ನೋಡಿ ದಿನ ಗೊತ್ತುಮಾಡುವುದು ಮಾಮಾನ ಕೆಲಸ.

ಇದು ವರ್ಷವರ್ಷ ಬರುವ ಕೆಲಸವಲ್ಲ. ಮಾಮಾನ ಇಡೀ ಸರ್ವೀಸಿನಲ್ಲಿ ನಾಲ್ಕು ಬಂದಿವೆ. ಹದಿನೈದು ವರ್ಷಕ್ಕೆ ಕತ್ತರಿ ಹಾಕಿದರೆ ಎರಡೇ ಉಳಿಯುತ್ತವೆ. ಹುಡುಗನ ಲೆಕ್ಕದಲ್ಲಿ ಮಾಮಾ ವಯಸ್ಸನ್ನಲ್ಲ, ಅರ್ಧ ವಿದ್ಯೆಯನ್ನೇ ಕಳೆದುಕೊಳ್ಳುತ್ತಿದ್ದರು. ಜೊತೆಗೆ 2010ರಲ್ಲಿ ಸೀದಾ ಮ್ಯಾನೇಜರ್ ಆಗಿಯೇ ಶುರುವಾದ ಬಯೋಡೇಟಾ ನೋಡಿದವರು, ಈ ಮನುಷ್ಯ ಹುಟ್ಟುತ್ತಲೇ ಮ್ಯಾನೇಜರೋ ಎಂದು ಕೇಳದೆ ಬಿಡುತ್ತಾರೆಯೇ?

ಅದಕ್ಕೆ ಮೇಲಿನ ಸಾಲನ್ನೇ ಹೀಗೆ ಬರೆಸಿದೆ: ‘ಬ್ಲಾಸ್ಟ್ ಫರ್ನೇಸ್ ಮೆಂಟೆನನ್ಸ್ ಮುಖ್ಯಸ್ಥ. ನಾಲ್ಕು ರೀಲೈನಿಂಗ್, ಕೊನೆಯದು ಪೂರ್ಣ ಹೊಣೆಯಲ್ಲಿ, ನಿಗದಿಗಿಂತ ಐದು ದಿನ ಮೊದಲೇ ಮುಗಿದದ್ದು.’ ಮೂವತ್ತೊಂದು ವರ್ಷ ಎಂಬ ಮಾತೇ ಇಲ್ಲ. ಆದರೆ ಇದನ್ನು ಓದಿದವರು ಮಾಮಾನನ್ನು ಹಸುಗೂಸು ಅಂದುಕೊಳ್ಳುವುದಿಲ್ಲ. ಅದರ ಕೆಳಗೆ ಈಗಿನ ಹುದ್ದೆ: ಕೈಕೆಳಗೆ ಎಷ್ಟು ಜನ, ಎಷ್ಟು ರೂಪಾಯಿವರೆಗಿನ ಖರೀದಿಗೆ ಇವರ ಸಹಿ ಸಾಕು, ಇವರು ತಯಾರು ಮಾಡಿದ ಎಷ್ಟು ಎಂಜಿನಿಯರುಗಳು ಬೇರೆ ಕಡೆ ಮುಖ್ಯಸ್ಥರಾಗಿದ್ದಾರೆ. ಈ ಕೊನೆಯದನ್ನು ಬರೆಯಲು ಮಾಮಾ ಸಂಕೋಚಪಟ್ಟರು. ದೊಡ್ಡಸ್ತಿಕೆ ತೋರಿಸಲು ಇದಕ್ಕಿಂತ ಗಟ್ಟಿ ಸಾಕ್ಷಿ ನನಗಂತೂ ಗೊತ್ತಿಲ್ಲ. ಮೊದಲ ಹದಿನಾರು ವರ್ಷ ‘ಹಿಂದಿನ ಹುದ್ದೆಗಳು’ ಎಂಬ ಎರಡು ಸಾಲಿಗೆ ಇಳಿದವು. ಕಂಪನಿ, ಹುದ್ದೆ ಮಾತ್ರ, ಇಸವಿಯಿಲ್ಲದೆ. ಅದರಲ್ಲಿ ‘ಹೊಸ ಪ್ಲಾಂಟ್ ಶುರುವಾದಾಗಿನ ತಂಡದಲ್ಲಿದ್ದವರು’ ಎಂಬುದನ್ನು ಮಾತ್ರ ಹಟ ಹಿಡಿದು ಉಳಿಸಿದೆ. ಬರಿ ನೆಲದಿಂದ ಫರ್ನೇಸ್ ಎದ್ದು ಮೊದಲ ಕಬ್ಬಿಣ ಹರಿದದ್ದನ್ನು ಕಂಡವರು ಈಗ ಎಷ್ಟು ಜನ ಸಿಗುತ್ತಾರೆ? ಹಳೆಯದೆಲ್ಲ ಹಳಸಿದ್ದಲ್ಲ. ಫಾಕ್ಸ್‌ಪ್ರೋ ಹಳಸಿದೆ, ಇದು ಹಳಸಿಲ್ಲ.

ನಾಲ್ಕು ಹಾಳೆ ಎರಡಾಯಿತು. ಮೀಸೆಗೆ ಬಣ್ಣ ಹಚ್ಚಿಸಿಕೊಂಡು ಬರಲೇ ಎಂದರು, ಬೇಡವೆಂದೆ. ಬಾಯಿಗೇ ಒಂದು ಕಟ್ಟು ಹಾಕಿದೆ: “ನಮ್ಮ ಕಾಲದಾಗ” ಅನ್ನುವಂತಿಲ್ಲ, “ಎರಡನೇ ರೀಲೈನಿಂಗ್‌ನಾಗ” ಅನ್ನಬೇಕು. ಇನ್ನೆಷ್ಟು ವರ್ಷ ಇರ್ತೀರಿ ಅಂತ ಕೇಳಿಯೇ ಕೇಳುತ್ತಾರೆ. 58ಕ್ಕೆ ಪಿಎಫ್‌ನ ಪಿಂಚಣಿ ಖಾತೆಗೆ ಹಣ ಹೋಗುವುದು ನಿಲ್ಲುತ್ತದೆ, ಲೆಕ್ಕ ಅವರಿಗೂ ಬರುತ್ತದೆ. “ಐದು ವರ್ಷದಾಗ ನಿಮ್ಮ ಫರ್ನೇಸಿನ ಮುಂದಿನ ರೀಲೈನಿಂಗ್ ಬರತೈತಿ, ಅದನ್ನ ಮುಗಿಸಿ, ಅದರ ಮುಂದಿಂದು ನಾನಿಲ್ಲದ ಮಾಡೋ ಹುಡುಗರನ್ನ ಕೊಟ್ಟು ಹೋಗ್ತೀನಿ” ಎಂದು ಮಾಮಾ ತಾವೇ ಉತ್ತರ ಹೊಸೆದರು. ನನಗೆ ತಿದ್ದಲು ಏನೂ ಉಳಿಯಲಿಲ್ಲ.

ಒಂದು ಕಡೆ ಕರೆ ಬಂತು. ಥರ್ಮೋಕಪಲ್ ಬಗ್ಗೆಯೇ ಬಹಳ ಹೊತ್ತು ಕೇಳಿದರಂತೆ, ವಯಸ್ಸು ಯಾರೂ ಎತ್ತಲಿಲ್ಲವಂತೆ. ಕಡೆಗೆ ಎಚ್‌ಆರ್ ಹುಡುಗ ಫಾರ್ಮ್ ಕೊಟ್ಟ. ಹುಟ್ಟಿದ ದಿನಾಂಕದ ಮನೆಗೆ ಬಂದಾಗ ಮಾಮಾ ಒಂದು ಗಳಿಗೆ ಪೆನ್ನು ನಿಲ್ಲಿಸಿ, ಇದ್ದದ್ದನ್ನೇ ಬರೆದರು: 1-6-1972. ನಮ್ಮ ಹಳ್ಳಿಗಳ ಕನ್ನಡ ಶಾಲೆಯ ಮಾಸ್ತರರು, ತಲೆಯ ಮೇಲಿಂದ ಕೈ ಹಾಯಿಸಿ ಕಿವಿ ಮುಟ್ಟಿಸಿ, ಮುಟ್ಟಿತು ಎಂದರೆ ಎಲ್ಲ ಹುಡುಗರಿಗೂ ದಯಪಾಲಿಸಿದ ತಾರೀಖು ಅದು. ಹುಡುಗ ಫಾರ್ಮ್ ನೋಡಿ ನಕ್ಕನಂತೆ: “ಸರ್, ನಿಮ್ದೂ ಜೂನ್ ಒಂದಾ? ನಮ್ಮಪ್ಪಂದೂ ಜೂನ್ ಒಂದೇ ರೀ.”