ಮೈನಸ್ ಹತ್ತರಲ್ಲಿ ಬೆವರು

ಶೀತದೇಶದಲ್ಲಿ ಓಡುವವನಿಗೆ ಚಳಿಗಿಂತ ತನ್ನ ಬೆವರೇ ದೊಡ್ಡ ವೈರಿಯೆಂಬ ಮಾತು, ಮಳೆಗಾಲದಲ್ಲೂ ಬೆವರೊರೆಸಿಕೊಳ್ಳುವ ಮಂಗಳೂರಿನವರಿಗೆ ಸುಲಭದಲ್ಲಿ ಪಚನವಾಗುವಂಥದ್ದಲ್ಲ. ಆದ್ದರಿಂದಲೇ ಟೊರಾಂಟೊಗೆ ಹೊಸದಾಗಿ ಬಂದ ಕರಾವಳಿಯ ಓಟಗಾರನು ಹತ್ತಿಯ ಬನಿಯನ್ನಿನ ಮೇಲೆ ಸ್ವೆಟರನ್ನೂ ಅದರ ಮೇಲೆ ಹಾಸಿಗೆಯಷ್ಟು ದಪ್ಪದ ಜಾಕೆಟ್ಟನ್ನೂ ಏರಿಸಿಕೊಂಡು ಹೊರಟು, ಎರಡನೆಯ ಕಿಲೋಮೀಟರಿಗೆ ಬೆಂದು, ನಾಲ್ಕನೆಯದಕ್ಕೆ ನಡುಗುತ್ತಾನೆ. ಹತ್ತಿಯು ಬೆವರನ್ನು ಹೀರಿ ಬಿಡದೆ ಹಿಡಿದುಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುವುದರಿಂದ, ಊರಿನಲ್ಲಿ ತಂಪೆರೆದ ಬನಿಯನ್ನು ಇಲ್ಲಿ ಅದೇ ಉಪಕಾರವನ್ನು ಬೇಡದಿದ್ದರೂ ಮುಂದುವರಿಸುತ್ತದೆ.

ಜನವರಿಯ ಒಂದು ಬೆಳಗ್ಗೆ ಉಷ್ಣಾಂಶ ಮೈನಸ್ 10 ಡಿಗ್ರಿ, ಗಾಳಿಯ ವೇಗ ಗಂಟೆಗೆ 20 ಕಿಲೋಮೀಟರ್ ಎಂದಿಟ್ಟುಕೊಂಡರೆ, ತೆರೆದ ಚರ್ಮಕ್ಕೆ ಅದು ಮೈನಸ್ 18ರಂತೆ ತಾಗುತ್ತದೆ. ಇದನ್ನೇ ಅಲ್ಲಿನವರು ವಿಂಡ್ ಚಿಲ್ ಎನ್ನುತ್ತಾರೆ. ಆದರೂ ಓಡುವ ದೇಹವು ತಾನೇ ಒಲೆಯಾಗುವುದರಿಂದ, ಉಷ್ಣಾಂಶಕ್ಕೆ 10 ಡಿಗ್ರಿ ಕೂಡಿಸಿ, ಸೊನ್ನೆಯಲ್ಲಿ ನಡೆದಾಡುವವನಂತೆ ಉಡುವುದು ರೂಢಿ. ಮೈಗಂಟಿದ ಮೊದಲ ಪದರವು ಬೆವರನ್ನು ಹೊರದಾಟಿಸುವ ಪಾಲಿಯೆಸ್ಟರ್ ಅಥವಾ ಮೆರಿನೊ ಉಣ್ಣೆಯದು, ಮೇಲಿನದು ಗಾಳಿ ತಡೆಯುವ ತೆಳು ಜಾಕೆಟ್ಟು. ಇವೆರಡರ ನಡುವಿನ ಉಣ್ಣೆಯಂಥ ಪದರವು ಇನ್ನೂ ಕಠಿಣ ಚಳಿಗೆ ಮೀಸಲು. ಬೆರಳುಗಳು ಒಂದಕ್ಕೊಂದು ಬಿಸಿ ಹಂಚಿಕೊಳ್ಳುವಂತೆ, ಬೆರಳಿಗೊಂದು ಕೋಣೆಯಿರುವ ಕೈಗವಸಿಗಿಂತ ಎಲ್ಲವೂ ಕೂಡುಕುಟುಂಬವಾಗಿರುವ ಮಿಟನ್ ಮೇಲು. ಬಾಗಿಲಲ್ಲಿ ನಿಂತಾಗಲೇ ಹಿತವೆನಿಸಿದರೆ ಒಂದು ಬಟ್ಟೆ ಹೆಚ್ಚಾಯಿತೆಂದೇ ಲೆಕ್ಕ.

ಆ ಬಾಗಿಲು ದಾಟುವ ಮೊದಲು, ಒಳಗೇ ಐದು ನಿಮಿಷ ಮೆಟ್ಟಿಲು ಹತ್ತಿಳಿದು ಕಾಲು ಬೀಸಿ ಸ್ನಾಯುಗಳನ್ನು ಎಚ್ಚರಿಸಬೇಕು. ಬೆವರು ಒಸರುವ ಮುನ್ನವೇ ಹೊರಬೀಳಬೇಕು. ಮೊದಲರ್ಧವನ್ನು ಗಾಳಿಗೆದುರಾಗಿ ಓಡಿದರೆ, ಒದ್ದೆ ಮೈಯಲ್ಲಿ ಮರಳುವಾಗ ಗಾಳಿ ಬೆನ್ನಿಗಿರುತ್ತದೆ. ದಿಕ್ಕು ತಪ್ಪಿದವನಿಗೆ ನಗರದಂಚಿನ ಸರೋವರದ ಗಾಳಿಯೇ ಉಳಿದ ಪಾಠ ಹೇಳಿಕೊಡುತ್ತದೆ.

ನೆಲದ ವಿಷಯದಲ್ಲಿ ಹೊಸಬನ ಭಯವು ತಪ್ಪು ಜಾಗದಲ್ಲಿರುತ್ತದೆ. ಕಾಲಡಿಯಲ್ಲಿ ಕಿರ್‌ಗುಟ್ಟುವ ಒಣ ಹಿಮವು ಹಿಡಿತ ಕೊಡುತ್ತದೆ. ಹಗಲು ಕರಗಿ ರಾತ್ರಿ ಗಟ್ಟಿಯಾದ, ಟಾರಿನ ಮೇಲೆ ಬರೀ ಒದ್ದೆಯಂತೆ ಕಾಣುವ ಪಾರದರ್ಶಕ ಮಂಜುಗಡ್ಡೆಯೇ, ಅಂದರೆ ಬ್ಲ್ಯಾಕ್ ಐಸ್, ಮನುಷ್ಯನನ್ನು ಕೂರಿಸುವುದು. ಅದರ ಮೇಲೆ ಹೆಜ್ಜೆ ಚಿಕ್ಕದಾಗಿ, ಪಾದ ನೇರ ಸೊಂಟದ ಕೆಳಗೆ ಬೀಳಬೇಕು. ಶೂವಿಗೆ ಎಳೆದು ತೊಡಿಸುವ, ಲೋಹದ ಮೊಳೆಗಳುಳ್ಳ ರಬ್ಬರ್ ಜಾಲರಿಯು ಗಡ್ಡೆಯನ್ನು ಕಚ್ಚುತ್ತದಾದರೂ ನುಣುಪು ಕಲ್ಲಿನ ಮೇಲೆ ಜಾರುವುದರಿಂದ, ಐದು ಕಿಲೋಮೀಟರು ಮಂಜಿನಲ್ಲಿ ಬೀಳದೆ ಬಂದವನು ಅದನ್ನು ಕಳಚಲು ಮರೆತು ಅಪಾರ್ಟ್‌ಮೆಂಟಿನ ಹೊಳೆಯುವ ನೆಲದಲ್ಲಿ ಕಾವಲುಗಾರನೆದುರು ಬೀಳುವುದುಂಟು. ಮೇಲೆದ್ದವನು ಅಲ್ಲೇ ಮಾತಿಗೆ ನಿಲ್ಲದೆ, ನಿಂತ ಮೈ ಬೇಗನೆ ತಣಿಯುವುದರಿಂದ, ನೇರ ಮನೆಗೆ ಹೋಗಿ ಒದ್ದೆ ಪದರವನ್ನು ಕಳಚಬೇಕು. ಊರಿನ ಹತ್ತಿ ಬನಿಯನ್ನಿನ ಸರದಿ ಬರುವುದು ಆಮೇಲೆ, ಬಿಸಿನೀರಿನ ಸ್ನಾನವಾದ ಮೇಲೆ.