ಪಾಯಿಂಟಿನ ಆಸೆ, ಫೀಸಿನ ಲೆಕ್ಕ

ಕ್ರೆಡಿಟ್ ಕಾರ್ಡಿನಲ್ಲಿ ಮನೆ ಬಾಡಿಗೆಯನ್ನೋ ಮಕ್ಕಳ ಶಾಲಾ ಶುಲ್ಕವನ್ನೋ ಕಟ್ಟಲು ಕುಳಿತವರಿಗೆ ಎರಡು ಸಂಖ್ಯೆಗಳು ಎದುರಾಗುತ್ತವೆ. ಮೊದಲನೆಯದು ಕನ್ವೀನಿಯನ್ಸ್ ಫೀ. ಇದು ಸದಾ ಶೇಕಡಾ ಲೆಕ್ಕದಲ್ಲಿ, ‘ಶೇ. 1 ಮಾತ್ರ’ ಎಂದು ತಲೆ ತಗ್ಗಿಸಿಕೊಂಡು ಬರುತ್ತದೆ. ಎರಡನೆಯದು ರಿವಾರ್ಡ್ ಪಾಯಿಂಟು. ಇದು ಶೇಕಡಾ ಲೆಕ್ಕದ ಗೊಡವೆಗೇ ಹೋಗದು. ‘1,200 ಪಾಯಿಂಟ್ ಗಳಿಸಿದ್ದೀರಿ’ ಎಂದು ಬಾಜಾಬಜಂತ್ರಿಯೊಂದಿಗೆ ಬರುತ್ತದೆ. ಒಂದು ಎಂಬುದು ಸಣ್ಣ ಸಂಖ್ಯೆ, ಸಾವಿರದ ಇನ್ನೂರು ದೊಡ್ಡದು. ಗೃಹಸ್ಥನ ಅರ್ಧ ಲೆಕ್ಕ ಇಲ್ಲೇ ಮುಗಿದುಹೋಗುತ್ತದೆ.

ಫೀಸು ಹುಟ್ಟುವ ಜಾಗ ಸರಳವಾದದ್ದು. ಬಟ್ಟೆ ಅಂಗಡಿಯಲ್ಲಿ ಕಾರ್ಡು ಉಜ್ಜಿದಾಗ ನೂರು ರೂಪಾಯಿಗೆ ಸುಮಾರು ಎರಡು ರೂಪಾಯಿ ಬ್ಯಾಂಕು ಮತ್ತು ಕಾರ್ಡ್ ಜಾಲದವರ ಪಾಲಾಗುತ್ತದೆ. ಅದನ್ನು ಅಂಗಡಿಯವನು ತನ್ನ ಲಾಭದಲ್ಲಿ ಮುರಿದುಕೊಳ್ಳುತ್ತಾನೆ. ಗಿರಾಕಿಗೆ ಸಿಗುವ ಪಾಯಿಂಟಿನ ಬಂಡವಾಳವೂ ಅದೇ. ಮನೆ ಮಾಲೀಕರ ವಿಷಯ ಬೇರೆ. ಇಪ್ಪತ್ತೈದು ಸಾವಿರದ ಬಾಡಿಗೆಯಲ್ಲಿ ಐನೂರು ಬಿಟ್ಟುಕೊಡಿ ಎಂದು ಅವರನ್ನು ಕೇಳುವವನು ಮುಂದಿನ ತಿಂಗಳು ಬೇರೆ ಮನೆ ಹುಡುಕಬೇಕಾದೀತು. ಹಾಗಾಗಿ ನಡುವೆ ಒಂದು ಆ್ಯಪ್ ನಿಂತು, ಕಾರ್ಡಿನಿಂದ ಹಣ ಎಳೆದು, ಮಾಲೀಕರ ಬ್ಯಾಂಕ್ ಖಾತೆಗೆ ಪೂರ್ತಿ ಬಾಡಿಗೆ ಹಾಕಿ, ಆ ಖರ್ಚನ್ನು ಬಾಡಿಗೆದಾರನ ತಲೆಗೆ ಕಟ್ಟಿತು. ಅನುಕೂಲ ಯಾರದೋ ಅವರೇ ಫೀಸು ಕೊಡಬೇಕೆಂಬ ನ್ಯಾಯ ಇದರಲ್ಲಿದೆ ಎನ್ನಬೇಕು. ಆ ಫೀಸಿನ ಮೇಲೆ ಶೇ. 18 ಜಿಎಸ್‌ಟಿ ಸೇರುವುದರಿಂದ, ಒಂದು ಎಂದು ಹೇಳಿಕೊಳ್ಳುವ ಸಂಖ್ಯೆ ವಾಸ್ತವದಲ್ಲಿ 1.18.

ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಕಾದರೆ ಪಾಯಿಂಟನ್ನು ರೂಪಾಯಿಗೆ ಇಳಿಸಬೇಕು. ಬೆಂಗಳೂರಿನ ರಾಜಾಜಿನಗರದ ಒಂದು ಸಂಸಾರವನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಜೂನ್ ತಿಂಗಳು, ಮಗಳ ಶಾಲೆಯ ಮೊದಲ ಕಂತು 60,000 ರೂಪಾಯಿ. ಯಜಮಾನರ ಕಾರ್ಡು ನೂರು ರೂಪಾಯಿಗೆ ಎರಡು ಪಾಯಿಂಟು ಕೊಡುವಂಥದ್ದು. ಒಂದು ಪಾಯಿಂಟಿನ ಬೆಲೆ 25 ಪೈಸೆ. ಅಲ್ಲಿಗೆ 1,200 ಪಾಯಿಂಟೆಂದರೆ 300 ರೂಪಾಯಿ, ಅಂದರೆ ನೂರಕ್ಕೆ ಐವತ್ತು ಪೈಸೆ. ಆ್ಯಪಿನ ಫೀಸು 600, ಜಿಎಸ್‌ಟಿ 108, ಒಟ್ಟು 708. ಮುನ್ನೂರು ಗಳಿಸಲು ಏಳುನೂರ ಎಂಟು ಖರ್ಚು. ಇದಿಷ್ಟನ್ನೂ ಯಜಮಾನತಿ ಗ್ಯಾಸ್ ಬುಕ್ ಮಾಡಿದ ಚೀಟಿಯ ಹಿಂಬದಿಯಲ್ಲೇ ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಯಜಮಾನರು ಓಟಿಪಿ ಒತ್ತಿ ಆಗಿರುತ್ತದೆ.

ಅವರ ಬಳಿ ಇನ್ನೊಂದು ವಾದ ಉಂಟು: ಬಿಲ್ಲು ಬರುವವರೆಗೂ ಹಣ ಉಳಿತಾಯ ಖಾತೆಯಲ್ಲೇ ಇದ್ದು ಬಡ್ಡಿ ತರುತ್ತದಲ್ಲ? ತರುತ್ತದೆ. ಅರವತ್ತು ಸಾವಿರಕ್ಕೆ ವರ್ಷಕ್ಕೆ ಶೇ. 2.5ರಂತೆ 45 ದಿನಕ್ಕೆ ಬರುವುದು ಸುಮಾರು 185 ರೂಪಾಯಿ. ಅದನ್ನು ಸೇರಿಸಿದರೂ ನಷ್ಟ ಇನ್ನೂರು ದಾಟಿಯೇ ಉಳಿಯುತ್ತದೆ. ಇನ್ನು ಪಾಯಿಂಟನ್ನು ವಸ್ತುವಾಗಿ ಬದಲಿಸಿಕೊಳ್ಳಲು ಹೋದರೆ, ಹಲವು ಬ್ಯಾಂಕುಗಳು ಒಂದು ಸಲಕ್ಕೆ 99 ರೂಪಾಯಿ ಮತ್ತು ಜಿಎಸ್‌ಟಿಯನ್ನು ರಿಡೆಂಪ್ಷನ್ ಶುಲ್ಕವೆಂದು ಹಿಡಿದುಕೊಳ್ಳುತ್ತವೆ. ಬಹುಮಾನ ಪಡೆಯುವುದಕ್ಕೂ ಫೀಸು ಇಟ್ಟವರ ಹಾಸ್ಯಪ್ರಜ್ಞೆ ಸಾಮಾನ್ಯದ್ದಲ್ಲ.

ಬಾಡಿಗೆಯ ದಾರಿಯಲ್ಲಿ ಒಂದು ಕಾಲಕ್ಕೆ ಲಾಭವೂ ಇತ್ತು. ಹೆಚ್ಚು ಪಾಯಿಂಟಿನ ಕಾರ್ಡು, ಕಡಿಮೆ ಫೀಸಿನ ಆ್ಯಪು ಕೂಡಿಬಂದರೆ ನೂರಕ್ಕೆ ಒಂದೆರಡು ರೂಪಾಯಿ ಕೈಗೆ ಹತ್ತುತ್ತಿತ್ತು. ಜನ ಅಷ್ಟಕ್ಕೇ ಸುಮ್ಮನಿರಲಿಲ್ಲ. ಬಾಡಿಗೆಯೇ ಇಲ್ಲದವರೂ ಬಾಡಿಗೆ ಕಟ್ಟತೊಡಗಿದರು. ಸ್ವಂತ ಮನೆಯಲ್ಲಿದ್ದ ಅಳಿಯ ಮಾವನನ್ನು ಮಾಲೀಕರನ್ನಾಗಿ ಮಾಡಿದ. ಮಾವನ ಖಾತೆಗೆ ಬಂದ ಹಣ ಸಂಜೆಯೊಳಗೆ ಅಳಿಯನ ಖಾತೆಗೆ ವಾಪಸಾಯಿತು. ಬ್ಯಾಂಕುಗಳು ಇದನ್ನು ಬಹಳ ದಿನ ನೋಡುತ್ತ ಕೂರಲಿಲ್ಲ. 2022ರ ಅಕ್ಟೋಬರ್ 20ರಿಂದ ಐಸಿಐಸಿಐ ಬ್ಯಾಂಕು ಬಾಡಿಗೆ ಪಾವತಿಗೆ ತನ್ನದೇ ಶೇ. 1 ಶುಲ್ಕ ಹಾಕಿತು. ಮರುತಿಂಗಳು ಎಸ್‌ಬಿಐ ಕಾರ್ಡ್ 99 ರೂಪಾಯಿ ನಿಗದಿ ಮಾಡಿತು, ಆಮೇಲೆ ಅದನ್ನು 199ಕ್ಕೆ ಏರಿಸಿತು. ಬಾಡಿಗೆಗೆ ಪಾಯಿಂಟೇ ಇಲ್ಲವೆಂದು ಸಾರಿದ ಕಾರ್ಡುಗಳು ಒಂದೆರಡಲ್ಲ. ಆ್ಯಪಿನ ಫೀಸು ಒಂದು ಕಡೆ, ಬ್ಯಾಂಕಿನ ಫೀಸು ಇನ್ನೊಂದು ಕಡೆ, ಪಾಯಿಂಟು ಎಲ್ಲೂ ಇಲ್ಲ. ಕೊನೆಗೆ 2025ರ ಸೆಪ್ಟೆಂಬರ್ 15ರ ನಿರ್ದೇಶನದಲ್ಲಿ ರಿಸರ್ವ್ ಬ್ಯಾಂಕು, ಪಾವತಿ ಮಧ್ಯವರ್ತಿಗಳು ತಮ್ಮೊಡನೆ ಒಪ್ಪಂದವಿರುವ ವ್ಯಾಪಾರಿಗಳಿಗಷ್ಟೇ ಹಣ ಸಾಗಿಸಬೇಕೆಂದಿತು. ಮಾಲೀಕರು ಅಂಥ ವ್ಯಾಪಾರಿಗಳಲ್ಲ. ಆ ತಿಂಗಳೇ ಫೋನ್‌ಪೇ, ಪೇಟಿಎಂ, ಕ್ರೆಡ್ ಮುಂತಾದ ಆ್ಯಪುಗಳು ಕಾರ್ಡಿನ ಬಾಡಿಗೆ ಸೇವೆಯನ್ನು ನಿಲ್ಲಿಸಿದವು. ಯುಪಿಐಗೆ ಜೋಡಿಸಿದ ರೂಪೇ ಕ್ರೆಡಿಟ್ ಕಾರ್ಡೂ ಇಲ್ಲಿ ನೆರವಿಗೆ ಬಾರದು. ಅದು ವ್ಯಾಪಾರಿಯ ಕ್ಯೂಆರ್‌ಗೆ ಹಣ ಕೊಡುತ್ತದೆಯೇ ಹೊರತು ವ್ಯಕ್ತಿಯ ಖಾತೆಗಲ್ಲ.

ಶಾಲಾ ಶುಲ್ಕದ ಬಾಗಿಲು ಇನ್ನೂ ತೆರೆದಿದೆ, ಆದರೆ ಯಾವ ಬಾಗಿಲಿನಿಂದ ಒಳಗೆ ಹೋದರು ಎಂಬುದು ಮುಖ್ಯ. ಎಚ್‌ಡಿಎಫ್‌ಸಿ ಬ್ಯಾಂಕು 2024ರ ಆಗಸ್ಟ್‌ನಿಂದ, ಐಸಿಐಸಿಐ ಅದೇ ವರ್ಷದ ನವೆಂಬರ್‌ನಿಂದ, ಮೂರನೆಯವರ ಆ್ಯಪಿನ ಮೂಲಕ ಕಟ್ಟುವ ಶಿಕ್ಷಣ ಶುಲ್ಕಕ್ಕೆ ಶೇ. 1 ಹಾಕುತ್ತವೆ, ಶಾಲೆಯ ಸ್ವಂತ ಜಾಲತಾಣದಲ್ಲಿ ಅಥವಾ ಕಚೇರಿಯ ಸ್ವೈಪ್ ಯಂತ್ರದಲ್ಲಿ ಕಟ್ಟಿದರೆ ಆ ಶುಲ್ಕವಿಲ್ಲ. ಹಾಗಾಗಿ ರಾಜಾಜಿನಗರದ ಯಜಮಾನರು ಸೋಫಾದಲ್ಲಿ ಕುಳಿತು ಆ್ಯಪ್ ತೆರೆದದ್ದರಿಂದ, ಅಂಥ ಬ್ಯಾಂಕಿನ ಕಾರ್ಡಾಗಿದ್ದರೆ, 708ರ ಜೊತೆಗೆ ಇನ್ನೊಂದು 700 ಚಿಲ್ಲರೆಯೂ ತಿಂಗಳ ಬಿಲ್ಲಿನಲ್ಲಿ ಬಂದು ಕೂತಿರುತ್ತದೆ. ಚಪ್ಪಲಿ ಮೆಟ್ಟಿ ಶಾಲೆಯವರೆಗೆ ನಡೆದಿದ್ದರೆ ಬ್ಯಾಂಕಿನ ಆ ಪಾಲು ಉಳಿಯುತ್ತಿತ್ತು. ಶಾಲೆಯ ಜಾಲತಾಣವನ್ನೂ ಪೂರ್ತಿ ನಂಬುವಂತಿಲ್ಲ: ಅಲ್ಲಿ ಯುಪಿಐಗೆ ಒಂದು ಮೊತ್ತ, ಕ್ರೆಡಿಟ್ ಕಾರ್ಡಿಗೆ ಇನ್ನೊಂದು ಮೊತ್ತ ಕಾಣಿಸಿಕೊಳ್ಳುವುದು ಕಟ್ಟಕಡೆಯ ಪುಟದಲ್ಲಿ, ಬೆರಳು ‘ಪೇ’ ಗುಂಡಿಯ ಮೇಲೆ ಇಳಿಯುತ್ತಿರುವ ಹೊತ್ತಿಗೆ.

ಫೀಸು ಕೊಟ್ಟೂ ಲಾಭವಾಗುವ ಸಂದರ್ಭ ಒಂದಿದೆ. ಕಾರ್ಡಿನ ವಾರ್ಷಿಕ ಶುಲ್ಕ 2,500, ಜಿಎಸ್‌ಟಿ ಸೇರಿ 2,950. ವರ್ಷಕ್ಕೆ ಮೂರು ಲಕ್ಷ ಖರ್ಚಾದರೆ ಅದು ಮನ್ನಾ ಎಂದಿಟ್ಟುಕೊಳ್ಳಿ. ವರ್ಷ ಮುಗಿಯುವ ಹೊತ್ತಿಗೆ 40,000 ಕಡಿಮೆ ಬಿದ್ದಿದ್ದರೆ, ಶೇ. 1 ಫೀಸಿನಲ್ಲಿ ಶಾಲೆಗೆ ಅಷ್ಟು ಕಟ್ಟಿದಾಗ ತಗಲುವುದು 472, ಉಳಿಯುವುದು 2,950. ಇಂಥ ಲೆಕ್ಕದಲ್ಲಿ ಪಾಯಿಂಟಿನ ಹೆಸರೇ ಎತ್ತಬೇಕಿಲ್ಲ. ಒಂದೇ ತೊಡಕೆಂದರೆ, ಮನ್ನಾದ ಮೊತ್ತಕ್ಕೆ ಬಾಡಿಗೆ ಸೇರದೆಂದು ಹಲವು ಕಾರ್ಡುಗಳ ಷರತ್ತಿನಲ್ಲಿದೆ. ಶಿಕ್ಷಣವನ್ನೂ ಹೊರಗಿಟ್ಟಿದ್ದಾರೆಯೇ ಎಂಬುದು ಕಾರ್ಡಿನಿಂದ ಕಾರ್ಡಿಗೆ ಬೇರೆ. ಷರತ್ತಿನ ಅಕ್ಷರಗಳು ಇರುವೆಯ ಗಾತ್ರದವು. ಕನ್ನಡಕ ಬೇಕೇ ಬೇಕು.

ಇಷ್ಟೆಲ್ಲ ಲೆಕ್ಕವೂ ಬಿಲ್ಲನ್ನು ಗಡುವಿನೊಳಗೆ ಪೂರ್ತಿ ತೀರಿಸುವವರಿಗೆ ಮಾತ್ರ. ‘ಮಿನಿಮಮ್’ ಕಟ್ಟಿ ಉಳಿದದ್ದನ್ನು ಮುಂದೂಡಿದವರಿಗೆ ಬಡ್ಡಿ ತಿಂಗಳಿಗೆ ಶೇ. 3.75ರವರೆಗೂ ಇರುತ್ತದೆ, ಅದೂ ಗಡುವಿನ ದಿನದಿಂದಲ್ಲ, ಕಾರ್ಡು ಉಜ್ಜಿದ ದಿನದಿಂದ. ಅರವತ್ತು ಸಾವಿರಕ್ಕೆ ಒಂದು ತಿಂಗಳಿಗೆ 2,250, ಜಿಎಸ್‌ಟಿ 405, ಒಟ್ಟು 2,655 ರೂಪಾಯಿ. ಅದಕ್ಕೆ ಸಮನಾಗಿ ರಾಜಾಜಿನಗರದ ಯಜಮಾನರ ಕಾರ್ಡಿನಲ್ಲಿ ಪಾಯಿಂಟು ಗಳಿಸಬೇಕಾದರೆ ಐದು ಲಕ್ಷದ ಮೂವತ್ತೊಂದು ಸಾವಿರ ಖರ್ಚು ಮಾಡಬೇಕು.