ಪ್ಯೂರ್ ಸಿಲ್ಕ್ ಸೆರಗಿನ ಅಕ್ಕ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥ ಒಬ್ಬ ಅಕ್ಕ ಇದ್ದೇ ಇರುತ್ತಾರೆ. ದಿವಾನದ ಕೆಳಗೆ ಸೀರೆಯ ಗಂಟು, ಕೈಯಲ್ಲಿ ಫೋನು, ವಾಟ್ಸಾಪಿನಲ್ಲಿ ಒಂದು ಗುಂಪು. ಬೆಳಗಿನ ಕಾಫಿ ಇಳಿಯುವುದರೊಳಗೆ ಗುಂಪಿನಲ್ಲಿ ನಾಲ್ಕು ಫೋಟೊ ಬಿದ್ದಿರುತ್ತವೆ. ಪ್ರತಿಯೊಂದೂ ಲಾಸ್ಟ್ ಪೀಸ್. ಬೇಕು ಎಂದವರು ಐದು ಜನರಿದ್ದರೆ ಐವರಿಗೂ ಆ ಲಾಸ್ಟ್ ಪೀಸ್ ಸಿಗುತ್ತದೆ. ಕೆಳಗೆ ಕೈಮುಗಿದ ಚಿತ್ರದೊಂದಿಗೆ ಒಂದು ಶಾಸನ: ‘ನೋ ರಿಟರ್ನ್, ನೋ ಎಕ್ಸ್‌ಚೇಂಜ್. ಪಾರ್ಸೆಲ್ ಬಿಚ್ಚುವ ವಿಡಿಯೊ ಕಡ್ಡಾಯ.’

ನಮ್ಮ ಈ ಅಕ್ಕನ ಊರು ಬಾಗಲಕೋಟೆ ಜಿಲ್ಲೆಯ ಕಡೆ. ಮಾರುವುದು ಇಳಕಲ್ ಸೀರೆ ಮಾತ್ರ. ಗೋಮಿ ದಡಿ ಯಾವುದು, ಗಾಯತ್ರಿ ದಡಿ ಯಾವುದು ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಾರೆ. ಸೀರೆಯ ಬಗ್ಗೆ ಇಷ್ಟು ತಿಳಿದವರು ಅದನ್ನು ಬಣ್ಣಿಸುವಾಗ ಮಾತ್ರ ಯಾಕೋ ಜಿಪುಣರಾಗುತ್ತಾರೆ. ಎಲ್ಲದಕ್ಕೂ ಒಂದೇ ಸಾಲು: ‘ಪ್ಯೂರ್ ಹ್ಯಾಂಡ್‌ಲೂಮ್, ಸಿಲ್ಕ್ ಸೆರಗು, ಕಲರ್ ಸೇಮ್ ಟು ಸೇಮ್.’

ಆ ಸಾಲನ್ನು ನಂಬಿ 3,400 ರೂಪಾಯಿ ಕೊಟ್ಟ ಮೈಸೂರಿನ ಶಿಕ್ಷಕಿಯೊಬ್ಬರು ಒಂದು ವಾರದ ನಂತರ ಬರೆದರು. ಟೀಚರ್ ಅಲ್ಲವೇ, ದೂರಿಗೂ ಕ್ರಮಸಂಖ್ಯೆ ಹಾಕಿದ್ದರು. ಒಂದು, ಫೋಟೊದಲ್ಲಿ ಕುಂಕುಮ ಕೆಂಪಿದ್ದ ಸೀರೆ ಕೈಗೆ ಬಂದಾಗ ಕಂದುಗೆಂಪು. ಎರಡು, ಒಡಲಿಗೂ ಸೆರಗಿಗೂ ನಡುವೆ ಗಂಟುಗಳ ಸಾಲಿದೆ, ಹರಿದ ಸೀರೆಗೆ ತೇಪೆ ಹಾಕಿ ಕಳಿಸಿದ್ದೀರಿ. ಮೂರು, ಫಾಲ್ ಹಚ್ಚುವ ಟೈಲರ್ ಸೆರಗನ್ನು ಮುಟ್ಟಿ ನೋಡಿ ಇದು ರೇಷ್ಮೆಯೇ ಅಲ್ಲ ಎಂದಿದ್ದಾನೆ.

ಅಕ್ಕನ ಮೊದಲ ಉತ್ತರ ಅರ್ಧ ನಿಮಿಷದಲ್ಲಿ ತಯಾರು: ‘ನಿಮ್ಮ ಫೋನಿನ ಬ್ರೈಟ್‌ನೆಸ್ ನೋಡ್ಕೋರಿ ಮೇಡಂ.’ ಜಗತ್ತಿನ ಸೀರೆ ವ್ಯಾಪಾರದಲ್ಲಿ ಆಗುವ ತಪ್ಪುಗಳೆಲ್ಲ ಕೊಂಡವರ ಫೋನಿನಲ್ಲೇ ಆಗುತ್ತವೆ ಎಂಬುದು ಈ ವರ್ಗದ ಗಟ್ಟಿ ನಂಬಿಕೆ. ಬ್ಯಾಂಕಿನಿಂದ ನಿವೃತ್ತರಾದ ಯಜಮಾನರು ಕಳಿಸುವ ಮುನ್ನ ಓದಿ, ಅಳಿಸಿದರು. ಎರಡನೆಯದು ಶಾಸನದ ನಕಲು. ಅದನ್ನೂ ಅಳಿಸಿದರು. “ನೋ ರಿಟರ್ನ್ ಅಂತ ನೀ ಬರದಿ ಅಂದ್ರ ಮುಗೀತೇನು? ಸಾಮಾನು ಯಾತರಿಂದ ಮಾಡಿದ್ದು ಅಂತ ಸುಳ್ಳು ಹೇಳಿ ಮಾರೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪು. ಮೊದಲು ಆ ಸೆರಗು ರೇಷ್ಮಿ ಹೌದೋ ಅಲ್ಲೋ ನೋಡು.”

ನೋಡುವುದು ಕಷ್ಟವಲ್ಲ. ಅದೇ ಗಂಟಿನಲ್ಲಿ ಬಂದು ಉಳಿದಿದ್ದ ಸೀರೆಯೊಂದರ ಸೆರಗಿನ ತುದಿಯಿಂದ ಅಕ್ಕ ಎರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಗೆ ಒಡ್ಡಿದರು. ನಿಜವಾದ ರೇಷ್ಮೆ ನಿಧಾನವಾಗಿ ಸುರುಟಿಕೊಳ್ಳುತ್ತದೆ, ಉರಿಯಿಂದ ತೆಗೆದರೆ ತಾನೇ ಆರುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ. ಉಳಿದ ಕರಿ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಈ ಎಳೆಯೋ ಕಾಗದದ ಹಾಗೆ ಭಗ್ಗನೆ ಉರಿದು, ಕಾಗದದ್ದೇ ವಾಸನೆ ಬಿಟ್ಟು, ಚಿಟಿಕೆ ಬೂದಿಯಾಯಿತು. ಅದು ಚಮಕಾ. ಅಂದರೆ ರೇಯಾನ್, ಕೃತಕ ರೇಷ್ಮೆ. ಇಳಕಲ್ ಸೀರೆಗೆ ಚಮಕಾ ಬಳಸುವುದು ಮೋಸವಲ್ಲ, ನೇಕಾರರು ಅದನ್ನು ಚಮಕಾ ಎಂದೇ ಹೇಳಿ ಕೊಡುತ್ತಾರೆ. ಆ ಸಲ ಬಂದ ಹನ್ನೆರಡು ಸೀರೆಗಳಲ್ಲಿ ಎಂಟಕ್ಕೆ ರೇಷ್ಮೆ ಸೆರಗು, ನಾಲ್ಕಕ್ಕೆ ಚಮಕಾ. ಬಿಲ್ಲಿನಲ್ಲೂ ಹಾಗೇ ಬರೆದಿತ್ತು. ಅಕ್ಕ ಹನ್ನೆರಡನ್ನೂ ಒಟ್ಟಿಗೆ ಹಾಸಿ ಫೋಟೊ ತೆಗೆದು, ಎಲ್ಲಕ್ಕೂ ತಮ್ಮ ಆ ಒಂದೇ ಸಾಲನ್ನು ಅಂಟಿಸಿದ್ದರು.

ಗಂಟಿನ ಸಾಲಿನ ಮಾತು ಬಂದಾಗ ಮಾತ್ರ ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ತೇಪೆಯಂತೆ! ಇಳಕಲ್ ಸೀರೆಯ ಹೆಚ್ಚುಗಾರಿಕೆಯೇ ಅದು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದ ಮೇಲೆ ನೇಯ್ಗೆ. ಒಂದೇ ಹಾಸಿನಲ್ಲಿ ಉದ್ದಕ್ಕೆ ನೇಯ್ದು ಬರುವ ಪವರ್‌ಲೂಮ್ ನಕಲಿನಲ್ಲಿ ಸಾಮಾನ್ಯವಾಗಿ ಈ ಸಾಲು ಇರುವುದೇ ಇಲ್ಲ. ಅಂದರೆ ಟೀಚರಮ್ಮ ಸೀರೆಯ ಜಾತಕವನ್ನೇ ದೋಷವೆಂದು ಓದಿದ್ದರು. ಆದರೆ ಮೈಸೂರಿನವರಿಗೆ ಇದು ಹೇಗೆ ಗೊತ್ತಾಗಬೇಕು? ಪೋಸ್ಟಿನಲ್ಲಿ ಕೊಂಡಿಯ ಸುದ್ದಿಯೇ ಇರಲಿಲ್ಲ.

ಕೊನೆಗೆ ಹೋದದ್ದು ಈ ಉತ್ತರ:

“ನಮಸ್ಕಾರ ಮೇಡಂ. ನೀವು ಕೇಳಿದ ಮೂರಕ್ಕೂ ಬೇರೆ ಬೇರೆ ಉತ್ತರ ಐತ್ರಿ. ಸೆರಗಿನ ಮಾತು ನಿಮ್ಮದು ಖರೇ. ಅದು ಚಮಕಾ. ನಾನು ಬಿಲ್ ನೋಡದ ಸಿಲ್ಕ್ ಅಂತ ಬರದೆ, ತಪ್ಪು ನನ್ನದು. ಬಣ್ಣದ್ದು ಏನಾಗೇತಿ ಅಂದ್ರ, ಫೋಟೊ ರಾತ್ರಿ ಹಳದಿ ಬಲ್ಬಿನ ಕೆಳಗ ತಗದಿದ್ದೆ, ಅದಕ್ಕ ಕೆಂಪು ಉರದ ಕಾಣಸೇತಿ. ಈಗ ಅದ ಗಂಟಿನಾಗ ಉಳಿದ ಸೀರಿ ಹಗಲಿನಾಗ, ನೆರಳಾಗ, ಬಿಳಿ ಧೋತ್ರದ ಬಾಜೂಕ ಇಟ್ಟು ತಗದ ಫೋಟೊ ಕಳಿಸೀನಿ, ನಿಮ್ಮ ಕೈಯಾಗಿನ ಸೀರಿಗೆ ಹೊಂದತೈತೋ ನೋಡ್ರಿ. ನಡುವಿನ ಗಂಟು ಮಾತ್ರ ತೇಪಿ ಅಲ್ರಿ, ಅದು ಕೈಮಗ್ಗದ ಕೊಂಡಿ. ಸೀರಿ ಹಿಂದ ಮುಂದ ಮಾಡಿ ನೋಡಿದ್ರ ದಡಿಯಿಂದ ದಡಿತನಕ ಒಂದ ಸಮ ಕಾಣತೈತಿ. ಹರದು ಹೊಲದಿದ್ರ ಹಂಗ ಬರೂದಿಲ್ಲ.

“ಎರಡು ದಾರಿ ಅದಾವ್ರಿ. ಸೀರಿ ಬ್ಯಾಡ ಅಂದ್ರ ವಾಪಸ್ ಕಳಿಸ್ರಿ. 3,400 ಪೂರ್ತಿ ಕೊಡತೀನಿ, ಎರಡೂ ಕಡೆ ಕೊರಿಯರ್ ನಂದು, ಫಾಲ್ ಹಚ್ಚಿದ 150 ಸೈತ ನಂದು, ಯಾಕಂದ್ರ ನಾ ಬರದಿದ್ದನ್ನ ನಂಬಿ ನೀವು ಹಚ್ಚಿಸೀರಿ. ಇಟ್ಕೋತೀನಿ ಅಂದ್ರ, ಚಮಕಾ ಸೆರಗಿನ ಸೀರಿ ನಾ ಮಾರೂದು 2,500ಕ್ಕ. ಮ್ಯಾಲಿನ 900 ಇವತ್ತ ಹಾಕತೀನಿ. ಯಾವುದು ಅಂತ ನೀವ ಹೇಳ್ರಿ.”

ಯಜಮಾನರು ಇದರಲ್ಲಿ ಒಂದೇ ಒಂದು ಕಡೆ ಕೈಯಾಡಿಸಿದರು. ‘ಬೇಕಾದ್ರ ಬೇರೆ ಸೀರಿ ಕಳಸ್ತೀನಿ, ದುಡ್ಡು ಕೊಡಾಕ ಆಗೂದಿಲ್ಲ’ ಎಂಬ ಸಾಲೊಂದು ಮೊದಲಿತ್ತು, ಅದನ್ನು ಹೊಡೆದುಹಾಕಿದರು. ಒಮ್ಮೆ ಬೇಸತ್ತ ಗಿರಾಕಿಗೆ ಅದೇ ಅಂಗಡಿಯ ಇನ್ನೊಂದು ಸೀರೆಯನ್ನು ಪರಿಹಾರವೆಂದು ಕೊಡುವುದು ವ್ಯಾಪಾರವೇ ಹೊರತು ಪರಿಹಾರವಲ್ಲ ಎಂಬುದು ಅವರ ವಾದ. ಸರಿಯಾದ ವಾದವೇ.

ಟೀಚರ್ ಒಂದು ಗಂಟೆಯೊಳಗೆ ಎರಡನೆಯ ದಾರಿ ಹಿಡಿದರು. ಜೊತೆಗೆ ‘ಫಾಲ್ ದುಡ್ಡು?’ ಎಂದೂ ಕೇಳಿದರು. “ಸೀರಿ ಉಡೋರು ನೀವ, ಫಾಲ್ ಬೇಕ ಬೇಕಲ್ರಿ” ಎಂದು ಅಕ್ಕ ಅಷ್ಟಕ್ಕೇ ನಿಲ್ಲಿಸಿದರು.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಚಮಕಾ ಸೀರೆ ನಾಲ್ಕು ಬಂದಿದ್ದವು, ಒಂದು ಮನೆಯಲ್ಲೇ ಇತ್ತು. ಹಾಗಾದರೆ ದೂರದೆ ಉಟ್ಟುಕೊಂಡು ಓಡಾಡುತ್ತಿರುವವರು ಇನ್ನೂ ಇಬ್ಬರು. ಕಾಯ್ದೆ ಹೇಳಿದ ಯಜಮಾನರೇ ಈಗ “ಕೇಳದವರಿಗೆ ನೀ ಯಾಕ ಹೇಳಾಕ ಹೋಗ್ತಿ?” ಎಂದರು. ಅಕ್ಕ ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಇಬ್ಬರಿಗೂ ಅದೇ ಉತ್ತರವನ್ನು ತಿದ್ದಿ ಕಳಿಸಿದರು. ಒಬ್ಬರು ಸೀರೆ ಹಿಂದಿರುಗಿಸಿದರು. ಇನ್ನೊಬ್ಬರಿಂದ ಕೂಡಲೇ ಕರೆಯೇ ಬಂತು, ಪಿಸುದನಿಯಲ್ಲಿ.

“ಅಕ್ಕಾ, ಗುಂಪಲ್ಲಿ ಮಾತ್ರ ಹಾಕ್ಬೇಡಿ. ಆ ಸೀರೆ ನಮ್ಮತ್ತೆಗೆ ಪ್ಯೂರ್ ಸಿಲ್ಕ್ ಸೆರಗು ಅಂತ ಹೇಳಿ ಕೊಟ್ಟಿದೀನಿ. 900 ಮಾತ್ರ ನನ್ನ ನಂಬರ್‌ಗೇ ಹಾಕಿ.”